ಆಲ್ಟ್ ಪಠ್ಯ ಅನುವಾದಿಸುವುದನ್ನು ಬಿಟ್ಟು, ಪ್ರತಿ ಭಾಷೆಯಲ್ಲೂ ಬರೆಯತೊಡಗಿದ್ದು: ನನ್ನ ಅನುಭವ

ಕನ್ನಡ, ಇಂಗ್ಲಿಷ್, ಹಿಂದಿ ಮೂರರಲ್ಲೂ ಇರುವ ಪ್ರವಾಸಿ ಮಾಹಿತಿಯ ಜಾಲತಾಣಕ್ಕೆ ಚಿತ್ರ ವಿವರಣೆ, ಅಂದರೆ ಆಲ್ಟ್ ಪಠ್ಯ, ಬರೆಯುವ ಕೆಲಸ ನನ್ನದು. ಮೊದಮೊದಲು ಎಲ್ಲರಂತೆ ಇಂಗ್ಲಿಷಿನಲ್ಲಿ ಬರೆದು, ಉಳಿದೆರಡು ಭಾಷೆಗೆ ಅನುವಾದಕ್ಕೆ ಕಳಿಸುತ್ತಿದ್ದೆ. ಅನುವಾದದಲ್ಲಿ ಒಂದು ಪದವೂ ತಪ್ಪಿರುತ್ತಿರಲಿಲ್ಲ. ಆದರೂ ಪರದೆಯ ಮೇಲಿನದನ್ನು ಧ್ವನಿಯಲ್ಲಿ ಓದಿ ಹೇಳುವ ಸ್ಕ್ರೀನ್ ರೀಡರಿನಲ್ಲಿ ಕೇಳಿದರೆ ಕನ್ನಡದ ವಿವರಣೆ ತಲೆಗೆ ಹತ್ತುತ್ತಿರಲಿಲ್ಲ. ಅದಕ್ಕೆ ಕಾರಣ ಪದಗಳಲ್ಲ, ಅವು ಬರುವ ಕ್ರಮ.

ಹಂಪಿಯ ವಿಠ್ಠಲ ದೇವಸ್ಥಾನದ ಪುಟದಲ್ಲಿದ್ದ ಕಲ್ಲಿನ ರಥದ ಫೋಟೋವನ್ನೇ ನೋಡಿ. ಇಂಗ್ಲಿಷಿನಲ್ಲಿ ಹೀಗಿತ್ತು:

```
alt="Stone shrine in the form of a chariot, with two small
elephants in front, in the courtyard of the Vitthala temple."
```

ಅದರ ಅನುವಾದ ಹೀಗೆ ಬಂತು: "ವಿಠ್ಠಲ ದೇವಸ್ಥಾನದ ಅಂಗಳದಲ್ಲಿರುವ, ಮುಂಭಾಗದಲ್ಲಿ ಎರಡು ಪುಟ್ಟ ಆನೆಗಳನ್ನು ಹೊಂದಿರುವ, ರಥದ ಆಕಾರದ ಕಲ್ಲಿನ ಗುಡಿ."

ಇಂಗ್ಲಿಷ್ ಕೇಳುವವರಿಗೆ ಇದೊಂದು ಕಲ್ಲಿನ ಗುಡಿ ಎಂದು ಎರಡನೇ ಪದಕ್ಕೇ ಗೊತ್ತಾಗುತ್ತದೆ. ಕನ್ನಡ ಕೇಳುವವರು ಅಂಗಳ, ಆನೆ, ರಥ ಎಲ್ಲವನ್ನೂ ಹೊತ್ತುಕೊಂಡು ಕೊನೆಯ ಪದದವರೆಗೆ ಕಾಯಬೇಕು. ಕಣ್ಣಿನಲ್ಲಿ ಓದುವವರು ವಾಕ್ಯದ ತುದಿಗೆ ಹಾರಿ ಹಿಂದಿರುಗಬಹುದು, ಕಿವಿಗೆ ಆ ಸೌಲಭ್ಯವಿಲ್ಲ. ಅಲ್ಲದೆ ಸ್ಕ್ರೀನ್ ರೀಡರ್ ಬಳಸುವವರು ಮೊದಲ ಎರಡು ಮೂರು ಪದ ಕೇಳಿ, ಬೇಡವಾದರೆ ಮುಂದಕ್ಕೆ ಹೋಗಿಬಿಡುತ್ತಾರೆ. "ವಿಠ್ಠಲ ದೇವಸ್ಥಾನದ ಅಂಗಳದಲ್ಲಿರುವ" ಎಂಬಷ್ಟನ್ನೇ ಕೇಳಿ ಮುಂದೆ ಹೋದವರಿಗೆ ಅಲ್ಲಿ ರಥವಿತ್ತು ಎಂಬುದೇ ತಿಳಿಯುವುದಿಲ್ಲ.

ಆದ್ದರಿಂದ ಕನ್ನಡದಲ್ಲಿ ಹೆಸರನ್ನು ಮೊದಲು ಇಟ್ಟು, ಅಲ್ಲಿಗೇ ಪೂರ್ಣವಿರಾಮ ಹಾಕಿ, ಉಳಿದದ್ದನ್ನು ಬೇರೆ ಚಿಕ್ಕ ವಾಕ್ಯಗಳಲ್ಲಿ ಹೇಳುತ್ತೇನೆ:

```
alt="ಹಂಪಿಯ ಕಲ್ಲಿನ ರಥ. ಮುಂದೆ ಎರಡು ಪುಟ್ಟ ಆನೆಗಳು,
ಬದಿಯಲ್ಲಿ ಕೆತ್ತನೆಯ ಕಲ್ಲಿನ ಚಕ್ರಗಳು."
```

ಪೂರ್ಣವಿರಾಮ ಇದ್ದಲ್ಲಿ ಧ್ವನಿ ಒಂದು ಕ್ಷಣ ನಿಲ್ಲುತ್ತದೆ. ಕೊನೆಯಲ್ಲೂ ಅದನ್ನು ಬಿಡಬಾರದು. ಬಿಟ್ಟರೆ ವಿವರಣೆ ಮುಂದಿನ ಪ್ಯಾರಾಕ್ಕೆ ಅಂಟಿಕೊಂಡು ಓದಿಸಿಕೊಳ್ಳಬಹುದು. ಇದೇ ಕಾರಣಕ್ಕೆ "ಕಿ.ಮೀ.", "ರೂ." ಎಂದು ಚುಕ್ಕೆ ಹಾಕಿ ಮೊಟಕುಗೊಳಿಸದೆ ಕಿಲೋಮೀಟರ್, ರೂಪಾಯಿ ಎಂದೇ ಪೂರ್ತಿ ಬರೆಯುತ್ತೇನೆ. "ಇದು ಕಲ್ಲಿನ ರಥದ ಚಿತ್ರ" ಎಂದು ಬರೆಯುವುದಿಲ್ಲ, ಚಿತ್ರ ಎಂದು ಸ್ಕ್ರೀನ್ ರೀಡರೇ ಸಾರುತ್ತದೆ. ನಕ್ಷೆಯೋ ಹಳೆಯ ವರ್ಣಚಿತ್ರವೋ ಆಗಿದ್ದರೆ ಮಾತ್ರ ಆ ಪದ ಬೇಕು.

ಎರಡು ಭಾಷೆಯ ಪಠ್ಯದಲ್ಲಿ ಇನ್ನೊಂದು ವ್ಯತ್ಯಾಸವನ್ನೂ ಗಮನಿಸಿ. ಕನ್ನಡದಲ್ಲಿ "ಗುಡಿ" ಎಂಬುದನ್ನು ಬಿಟ್ಟಿದ್ದೇನೆ. 50 ರೂಪಾಯಿ ನೋಟಿನ ಹಿಂಬದಿಯಲ್ಲಿರುವ ಈ ರಥ ಕನ್ನಡಿಗರಿಗೆ ಹೆಸರಿನಿಂದಲೇ ಗೊತ್ತು. ಇಂಗ್ಲಿಷ್ ಪುಟಕ್ಕೆ ಹೊರದೇಶದವರೂ ಬರುತ್ತಾರೆ. ಬರೀ "ಸ್ಟೋನ್ ಚಾರಿಯಟ್" ಎಂದರೆ ಅದು ಎಳೆಯುವ ತೇರಲ್ಲ, ನಿಂತಲ್ಲೇ ನಿಂತಿರುವ ಗರುಡನ ಗುಡಿ ಎಂಬುದು ಅವರಿಗೆ ಹೊಳೆಯುವುದಿಲ್ಲ. ಅರ್ಥ ಸಮನಾಗಬೇಕಾದರೆ ಕೆಲವೊಮ್ಮೆ ಪದಗಳು ಅಸಮವಾಗಿರಬೇಕು.

ಹಾಗಾದರೆ ಮೂರೂ ಭಾಷೆಯಲ್ಲಿ ಸಮಾನ ಅರ್ಥ ಬಂದಿದೆ ಎಂದು ನೋಡುವುದು ಹೇಗೆ? ಸ್ಪ್ರೆಡ್‌ಶೀಟಿನಲ್ಲಿ ಪ್ರತಿ ಚಿತ್ರಕ್ಕೂ ಒಂದು ಸಾಲು ಇಟ್ಟುಕೊಂಡಿದ್ದೇನೆ. ಮೊದಲ ಕಾಲಮ್ಮಿನಲ್ಲಿ, ಈ ಪುಟದಲ್ಲಿ ಈ ಚಿತ್ರ ಏಕಿದೆ ಎಂಬ ಒಂದು ವಾಕ್ಯ. ಎರಡನೆಯದರಲ್ಲಿ, ಕೇಳಿದವರಿಗೆ ತಲುಪಲೇಬೇಕಾದ ಸಂಗತಿಗಳು, ಮೂರಕ್ಕಿಂತ ಹೆಚ್ಚಿಲ್ಲ. ಆಮೇಲೆ ಮೂರು ಭಾಷೆಯ ಕಾಲಮ್ಮುಗಳು. ಬರೆಯುವವರು ಚಿತ್ರವನ್ನೂ ಮೊದಲೆರಡು ಕಾಲಮ್ಮುಗಳನ್ನೂ ನೋಡಿ ಬರೆಯುತ್ತಾರೆ, ಪಕ್ಕದ ಭಾಷೆಯನ್ನು ನೋಡಿಕೊಂಡಲ್ಲ. ಚಿತ್ರ ಏಕಿದೆ ಎಂಬುದು ಪುಟದಿಂದ ಪುಟಕ್ಕೆ ಬದಲಾಗುತ್ತದೆ. ಇದೇ ರಥದ ಫೋಟೋ ಮುಖಪುಟದಲ್ಲಿ ಟಿಕೆಟ್ ಪುಟಕ್ಕೆ ಕೊಂಡಿಯಾಗಿತ್ತು. ಅಲ್ಲಿ ಅದರ ಪಠ್ಯ "ಟಿಕೆಟ್ ದರ ಮತ್ತು ಸಮಯ" ಅಷ್ಟೇ, ರಥದ ಮಾತೇ ಬೇಡ. ಅದೇ ಕೊಂಡಿಯ ಒಳಗೆ ಚಿತ್ರದ ಜತೆ ಈ ಮಾತು ಅಕ್ಷರದಲ್ಲೂ ಇದ್ದರೆ `alt=""` ಎಂದು ಖಾಲಿ ಬಿಡುತ್ತೇನೆ. `alt` ಅನ್ನೇ ಬರೆಯದಿದ್ದರೆ ಅದು ಖಾಲಿ ಬಿಟ್ಟಂತಲ್ಲ. ಆಗ ಕಡತದ ಹೆಸರೋ ಕೊಂಡಿಯ ವಿಳಾಸವೋ ಕಿವಿಗೆ ಬೀಳುವ ಸಂಭವ ಇರುತ್ತದೆ.

ಮನುಷ್ಯರಿರುವ ಫೋಟೋಗಳಲ್ಲಿ ಕನ್ನಡದ ಕ್ರಿಯಾಪದವೇ ತೊಡಕು. ಗೈಡ್ ಒಬ್ಬರು ಕಂಬದ ಕೆತ್ತನೆ ತೋರಿಸುತ್ತಿರುವ ಚಿತ್ರಕ್ಕೆ ಇಂಗ್ಲಿಷಿನಲ್ಲಿ ಗಂಡೋ ಹೆಣ್ಣೋ ಹೇಳಬೇಕಾಗಿಲ್ಲ. ಅನುವಾದದಲ್ಲಿ "ಗೈಡ್ ತೋರಿಸುತ್ತಿದ್ದಾನೆ" ಎಂದು ಬಂದಿತ್ತು: ಇಲ್ಲದ ಲಿಂಗವೂ ಬಂತು, ಇರಬೇಕಾದ ಮರ್ಯಾದೆಯೂ ಹೋಯಿತು. ಕನ್ನಡದಲ್ಲಿ "ಗೈಡ್ ಒಬ್ಬರು ತೋರಿಸುತ್ತಿದ್ದಾರೆ" ಎಂದರೆ ಎರಡೂ ಸರಿಹೋಗುತ್ತದೆ. ಹಿಂದಿಯಲ್ಲಿ ಅದೂ ಸಾಲದು. ಅಲ್ಲಿ ಗೌರವದ ರೂಪದಲ್ಲೂ "ರಹೇ ಹೈಂ", "ರಹೀ ಹೈಂ" ಎಂದು ಲಿಂಗ ಬೇರೆಯಾಗುತ್ತದೆ. ಹಾಗಾಗಿ ಚಿತ್ರದಲ್ಲಿರುವವರು ಯಾರು ಎಂದು ಫೋಟೋ ತೆಗೆದವರನ್ನು ಕೇಳಿ ಎರಡನೇ ಕಾಲಮ್ಮಿನಲ್ಲೇ ಬರೆದಿಡುತ್ತೇನೆ. ಒಡಹುಟ್ಟಿದವರಾದರೆ ದೊಡ್ಡವರು ಯಾರು ಎಂಬುದನ್ನೂ ಕೇಳಬೇಕು. ಇಂಗ್ಲಿಷಿಗೆ "ಬ್ರದರ್" ಸಾಕು, ಕನ್ನಡಕ್ಕೆ ಅಣ್ಣನೋ ತಮ್ಮನೋ ಗೊತ್ತಿರಲೇಬೇಕು.

ಇನ್ನು ಬರೆದದ್ದು ಸರಿಯಿದ್ದೂ ಕಿವಿಗೆ ತಲುಪದಿರುವ ಸಂದರ್ಭಗಳು. ಧ್ವನಿ ಯಾವ ಭಾಷೆಯಲ್ಲಿ ಓದಬೇಕೆಂಬುದನ್ನು ಸ್ಕ್ರೀನ್ ರೀಡರ್ ಪುಟದ ಕೋಡಿನಲ್ಲಿರುವ `lang` ಎಂಬ ಗುರುತು ನೋಡಿ ತಿಳಿಯುತ್ತದೆ. ಕನ್ನಡ ಪುಟದಲ್ಲಿ `<html lang="en">` ಉಳಿದುಬಿಟ್ಟಿದ್ದರೆ ಕನ್ನಡದ ಅಕ್ಷರಗಳು ಇಂಗ್ಲಿಷ್ ಧ್ವನಿಯ ಪಾಲಾಗುತ್ತವೆ. ಕೆಲವು ಧ್ವನಿಗಳು ಅವನ್ನು ಓದದೆ ಹಾಗೇ ದಾಟಿಬಿಡುತ್ತವೆ. ಅಲ್ಲಿ ಮೌನ ಇರುವುದರಿಂದ, ಏನೋ ತಪ್ಪಿಹೋಯಿತು ಎಂಬುದೂ ಕೇಳುವವರಿಗೆ ಗೊತ್ತಾಗುವುದಿಲ್ಲ. `alt` ಒಳಗಿನ ಒಂದು ಪದಕ್ಕೆ ಮಾತ್ರ ಬೇರೆ ಭಾಷೆ ಎಂದು ಗುರುತು ಹಾಕಲು ದಾರಿಯಿಲ್ಲ, ಗುರುತು ಇಡೀ `img`ಗೆ ಅನ್ವಯಿಸುತ್ತದೆ. ಅದಕ್ಕಾಗಿ ಕನ್ನಡದ ಪಠ್ಯದೊಳಗೆ ಇಂಗ್ಲಿಷ್ ಲಿಪಿ ಬೆರೆಸುವುದಿಲ್ಲ, ಬೇಕಾದ ಪದವನ್ನು ಕನ್ನಡ ಲಿಪಿಯಲ್ಲೇ ಬರೆಯುತ್ತೇನೆ.

ಕನ್ನಡದಲ್ಲಿ ಎದುರಾಗುವ ಇನ್ನೊಂದು ಸಮಸ್ಯೆ ನುಡಿ ತಂತ್ರಾಂಶದ ಹಳೆಯ ಕಡತಗಳದು. ಯುನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪಿಸಿದ ಪಠ್ಯವನ್ನು ನಕಲಿಸಿ ಅಂಟಿಸಿದರೆ "ಕನ್ನಡ" ಎಂಬ ಪದ `PÀ£ÀßqÀ` ಎಂದು ಕೂರುತ್ತದೆ. ಪುಟದ ಮೇಲಾದರೆ ಕಣ್ಣಿಗೆ ಬಿದ್ದು ಯಾರಾದರೂ ತಿದ್ದುತ್ತಾರೆ. `alt` ಒಳಗಿದ್ದರೆ ಕಾಣುವವರು ಯಾರೂ ಇಲ್ಲ, ಕೇಳುವವರಿಗೆ ಮಾತ್ರ ಅದು ಗೊಂದಲದ ಸದ್ದು. ಇದನ್ನೂ, ಅನುವಾದವಾಗದೆ ಉಳಿದ ಇಂಗ್ಲಿಷನ್ನೂ ಒಟ್ಟಿಗೆ ಹಿಡಿಯಲು ಬ್ರೌಸರಿನ ಕನ್ಸೋಲಿನಲ್ಲಿ ಹೀಗೆ ಹುಡುಕುತ್ತೇನೆ:

```
console.table(
  [...document.querySelectorAll('[lang|="kn"] img')]
    .filter(i => i.alt && !/[\u0C80-\u0CFF]/.test(i.alt))
    .map(i => [i.src, i.alt]));
```

ಕನ್ನಡದ ಒಂದು ಅಕ್ಷರವೂ ಇಲ್ಲದ ವಿವರಣೆಗಳೆಲ್ಲ ಪಟ್ಟಿಯಾಗಿ ಬರುತ್ತವೆ. `alt` ಇಲ್ಲವೇ ಇಲ್ಲದ ಚಿತ್ರಗಳು ಇದರಲ್ಲಿ ಸಿಗುವುದಿಲ್ಲ, ಅವನ್ನು `img:not([alt])` ಎಂದು ಬೇರೆಯಾಗಿ ಹುಡುಕಬೇಕು. ಉದ್ಧರಣ ಚಿಹ್ನೆಯ ತಪ್ಪೂ ಇದರಲ್ಲಿ ಸಿಗುವುದಿಲ್ಲ. ಫಲಕದ ಫೋಟೋಗೆ `alt="ಫಲಕದಲ್ಲಿ "ಪ್ರವೇಶವಿಲ್ಲ" ಎಂದಿದೆ."` ಎಂದು ಕೋಡಿನಲ್ಲಿ ನೇರವಾಗಿ ಬರೆದರೆ ಎರಡನೇ ಚಿಹ್ನೆಗೇ ಪಠ್ಯ ಮುಗಿದು, "ಫಲಕದಲ್ಲಿ" ಎಂಬುದಷ್ಟೇ ಕೇಳಿಸುತ್ತದೆ. ಬಾಗಿದ ಚಿಹ್ನೆಗಳನ್ನು ಬಳಸಿದರೆ ಆಯಿತು.

ಉದ್ದದ ಮಿತಿಯ ಬಗ್ಗೆ ಒಂದು ಮಾತು. ಕೆಲವು ವ್ಯವಸ್ಥೆಗಳು 125 ಅಕ್ಷರ ದಾಟಿದರೆ ಎಚ್ಚರಿಸುತ್ತವೆ. ಆದರೆ ಅವು ಎಣಿಸುವುದು ಯುನಿಕೋಡ್ ಸಂಕೇತಗಳನ್ನು. "ಸ್ತ್ರೀ" ನಮಗೆ ಒಂದೇ ಅಕ್ಷರ, ಯಂತ್ರಕ್ಕೆ ಆರು. ಇಂಗ್ಲಿಷಿಗೆ ಹೊಂದಿಸಿದ ಮಿತಿಯನ್ನು ಕನ್ನಡಕ್ಕೂ ಹಾಕಿದರೆ ಕೊನೆಯ ಸಂಗತಿ ಕತ್ತರಿಸಿಹೋಗುತ್ತದೆ. ನಾನು ಅಕ್ಷರ ಎಣಿಸುವುದಿಲ್ಲ, ಒಂದೇ ಉಸಿರಿನಲ್ಲಿ ಹೇಳಬಹುದಾದ ಎರಡು ಚಿಕ್ಕ ವಾಕ್ಯ ಎಂದಿಟ್ಟುಕೊಂಡಿದ್ದೇನೆ.

ಅಷ್ಟರಲ್ಲಿ ಮುಗಿಯದ ಚಿತ್ರ ನಕ್ಷೆ. ವಿರೂಪಾಕ್ಷ ದೇವಸ್ಥಾನದಿಂದ ವಿಠ್ಠಲ ದೇವಸ್ಥಾನಕ್ಕೆ ಹೋಗುವ ದಾರಿಯ ನಕ್ಷೆಗೆ `alt` ಚಿಕ್ಕದು: "ನಕ್ಷೆ: ವಿರೂಪಾಕ್ಷದಿಂದ ವಿಠ್ಠಲ ದೇವಸ್ಥಾನಕ್ಕೆ ಎರಡು ದಾರಿ. ವಿವರ ಕೆಳಗಿದೆ." ಪೂರ್ಣ ವಿವರಣೆ ನಕ್ಷೆಯ ಕೆಳಗೆ ಎಲ್ಲರಿಗೂ ಕಾಣುವ ಪಠ್ಯವಾಗಿ ಇರುತ್ತದೆ. `aria-describedby`ಯಿಂದ ಜೋಡಿಸಿ ನೋಡಿದ್ದೆ. ಆಗ ಪ್ಯಾರಾ, ಪಟ್ಟಿ ಎಲ್ಲ ಕರಗಿ ಒಂದೇ ಉದ್ದ ಸಾಲಾಗಿ ಕೇಳಿಸುತ್ತದೆ, ನಡುವೆ ನಿಂತು ಹಿಂದಿನ ಹಂತಕ್ಕೆ ಮರಳಲಾಗುವುದಿಲ್ಲ.

ನಕ್ಷೆಯ ವಿವರಣೆಯಲ್ಲಿ ಬಣ್ಣ, ಗೆರೆಗಳ ಮಾತು ಬೇಡ, ನಡೆಯುವವರ ಮಾತು ಬೇಕು. ನಾವು ಬರೆದದ್ದು ಹೀಗೆ: "ಕಾಲುದಾರಿ: ವಿರೂಪಾಕ್ಷ ದೇವಸ್ಥಾನದ ಮುಂದಿನ ಬಜಾರಿನಲ್ಲಿ ಪೂರ್ವಕ್ಕೆ ನಡೆದರೆ ತುದಿಯಲ್ಲಿ ದೊಡ್ಡ ಬಸವಣ್ಣ. ಅಲ್ಲಿಂದ ಮುಂದೆ ತುಂಗಭದ್ರೆ ಎಡಗಡೆಗೆ ಇರುತ್ತದೆ. ದಾರಿಯಲ್ಲಿ ಕೋದಂಡರಾಮ ದೇವಸ್ಥಾನ ಸಿಗುತ್ತದೆ. ಒಟ್ಟು ಸುಮಾರು 2 ಕಿಲೋಮೀಟರ್, ನೆಲ ಬಂಡೆಗಲ್ಲಿನದು, ಸಮತಟ್ಟಿಲ್ಲ. ವಾಹನದ ದಾರಿ: ಕಮಲಾಪುರದ ಮೂಲಕ ಬಂದು, ವಾಹನ ನಿಲ್ದಾಣದಿಂದ ಕೊನೆಯ ಸುಮಾರು 1 ಕಿಲೋಮೀಟರ್ ಬ್ಯಾಟರಿ ಗಾಡಿಯಲ್ಲಿ." ನೆಲ ಸಮತಟ್ಟಿಲ್ಲ ಎಂಬುದು ನಕ್ಷೆಯಲ್ಲಿ ಇರಲಿಲ್ಲ, ಆದರೆ ಬಿಳಿಕೋಲು ಹಿಡಿದು ಹೊರಟವರು ದಾರಿ ಆರಿಸುವುದೇ ಅದರ ಮೇಲೆ. ಆದ್ದರಿಂದ ಅದು ಎರಡನೇ ಕಾಲಮ್ಮಿಗೂ ಸೇರಿತು, ಮೂರೂ ಭಾಷೆಗೂ ಬಂತು. ಎಲ್ಲರಿಗೂ ಕಾಣುವ ಪಠ್ಯವಾದ್ದರಿಂದ ಮಂಡಿ ನೋವಿನ ಹಿರಿಯರಿಗೂ ಅದು ಸಿಕ್ಕಿತು.

ಕೊನೆಯ ಪರೀಕ್ಷೆ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರಿನಲ್ಲಿ. ಅದರ ಜತೆಗೆ ಬರುವ ಇಸ್ಪೀಕ್ ಧ್ವನಿಗೆ ಕನ್ನಡ ಗೊತ್ತು. ಜಿ ಕೀಲಿ ಒತ್ತುತ್ತಾ ಹೋದರೆ ಒಂದು ಚಿತ್ರದಿಂದ ಇನ್ನೊಂದಕ್ಕೆ ಹಾರಬಹುದು. ಅದಾದ ಮೇಲೆ, ದಿನವೂ ಸ್ಕ್ರೀನ್ ರೀಡರ್ ಬಳಸುವ, ಆಯಾ ಭಾಷೆಯ ಒಬ್ಬರು ವಿವರಣೆಯನ್ನು ಅವರ ಎಂದಿನ ವೇಗದಲ್ಲಿ ಒಮ್ಮೆ ಮಾತ್ರ ಕೇಳಿ, ತಿಳಿದದ್ದನ್ನು ತಮ್ಮ ಮಾತಿನಲ್ಲಿ ಹೇಳುತ್ತಾರೆ. ಅವರ ಮಾತನ್ನು ಎರಡನೇ ಕಾಲಮ್ಮಿನ ಜತೆ ಹೋಲಿಸುತ್ತೇನೆ. ಮೂರು ಸಂಗತಿಯಲ್ಲಿ ಒಂದು ಬಿಟ್ಟುಹೋಗಿದ್ದರೆ ಮೊದಲು ಆ ಸಂಗತಿ ವಾಕ್ಯದಲ್ಲಿ ಎಲ್ಲಿತ್ತು ಎಂದು ನೋಡುತ್ತೇನೆ. ಕನ್ನಡದಲ್ಲಿ ಅದು ಹೆಚ್ಚಾಗಿ "ಇರುವ", "ಹೊಂದಿರುವ", "ಉಳ್ಳ"ಗಳ ಸಾಲಿನೊಳಗೆ ಹುದುಗಿರುತ್ತದೆ. ಅಲ್ಲಿಂದ ಹೊರತೆಗೆದು ಅದಕ್ಕೊಂದು ಸ್ವಂತ ವಾಕ್ಯ ಕೊಟ್ಟು, ಇನ್ನೊಬ್ಬರಿಗೆ ಮತ್ತೆ ಕೇಳಿಸುತ್ತೇನೆ. ಮೊದಲು ಕೇಳಿದವರಿಗೇ ಕೇಳಿಸಿದರೆ ಪ್ರಯೋಜನವಿಲ್ಲ, ಚಿತ್ರ ಅವರಿಗೆ ಆಗಲೇ ಗೊತ್ತಾಗಿರುತ್ತದೆ.