ಹೊಲದ ದಾರಿಯ ಮೋರಿಗೆ ಎಷ್ಟು ದಪ್ಪದ ಪೈಪ್ ಬೇಕು?

ಹೊಲದ ದಾರಿಗೆ ಹಳ್ಳ ಅಡ್ಡ ಬಂದರೆ ಎರಡಡಿ ಹ್ಯೂಮ್ ಪೈಪ್ ಒಂದನ್ನು ಹೂತು ಮೇಲೆ ಮಣ್ಣು ಸುರಿಯುವುದು ನಮ್ಮ ಕಡೆ ವಾಡಿಕೆ. ಅದು ಸಾಕೋ ಸಾಲದೋ ಅಂತ ಕಾಗದದ ಮೇಲೇ ತಿಳಿಯಬಹುದು. ಅದಕ್ಕೆ ಇಂಜಿನಿಯರುಗಳು ಬಳಸುವ ಲೆಕ್ಕ ರ‍್ಯಾಷನಲ್ ಮೆಥಡ್:

```
Q = C × i × A / 360
```

Q ಅಂದರೆ ಮೋರಿಗೆ ಬರುವ ಗರಿಷ್ಠ ನೀರು, ಸೆಕೆಂಡಿಗೆ ಘನ ಮೀಟರ್‌ನಲ್ಲಿ. A ನೀರು ಹರಿದು ಬರುವ ಜಾಗ, ಹೆಕ್ಟೇರ್‌ನಲ್ಲಿ. C ಆ ಜಾಗಕ್ಕೆ ಬಿದ್ದ ಮಳೆಯಲ್ಲಿ ಹರಿದು ಹೋಗುವ ಪಾಲು. i ಮಳೆಯ ರಭಸ, ಗಂಟೆಗೆ ಮಿಲಿಮೀಟರ್‌ನಲ್ಲಿ.

ಬೆಂಗಳೂರಿನ ಹೊರಗೆ, ದೊಡ್ಡಬಳ್ಳಾಪುರದ ಕಡೆಯ ಕೆಂಪು ಮಣ್ಣಿನ ಇಳಿಜಾರು ಅಂದುಕೊಳ್ಳಿ. ಮೋರಿಯ ಜಾಗದಲ್ಲಿ ನಿಂತು ಮೇಲಕ್ಕೆ ನಡೆಯಿರಿ. ನೀರು ಎಲ್ಲಿಂದ ಈ ಕಡೆ ತಿರುಗುತ್ತದೋ ಆ ದಿಣ್ಣೆಯ ಗೆರೆಯನ್ನು ನಕ್ಷೆಯಲ್ಲಿ ಗುರುತು ಮಾಡಿ. ಪಹಣಿಯ ವಿಸ್ತೀರ್ಣ ಇಲ್ಲಿ ಉಪಯೋಗಕ್ಕೆ ಬಾರದು, ನೀರಿಗೆ ಸರ್ವೆ ನಂಬರ್ ಗೊತ್ತಿಲ್ಲ. ನಮ್ಮ ಉದಾಹರಣೆಯಲ್ಲಿ ಒಟ್ಟು 9 ಹೆಕ್ಟೇರ್, ಅಂದರೆ ಸುಮಾರು 22 ಎಕರೆ ಸಿಕ್ಕಿತು. ಅದರಲ್ಲಿ 6 ಹೆಕ್ಟೇರ್ ರಾಗಿ ಹೊಲ, C 0.40. 2 ಹೆಕ್ಟೇರ್ ನೀಲಗಿರಿ ತೋಪು, 0.30. 1 ಹೆಕ್ಟೇರ್ ಪಾಲಿಹೌಸ್, 0.90. ಒಂದೊಂದನ್ನೂ ಗುಣಿಸಿ ಕೂಡಿದರೆ 2.4 + 0.6 + 0.9 = 3.9. ಪಾಲಿಹೌಸ್ ಇರುವುದು ಒಂಬತ್ತರಲ್ಲಿ ಒಂದು ಪಾಲು ಜಾಗದಲ್ಲಿ, ಆದರೆ ಕಾಲು ಭಾಗದಷ್ಟು ನೀರು ಅಲ್ಲಿಂದಲೇ ಬರುತ್ತದೆ.

ಜಾಸ್ತಿ ಜನ ಎಡವುವುದು i ಹತ್ತಿರ. ದಿನಕ್ಕೆ 100 ಮಿ.ಮೀ. ಮಳೆ ಅಂತ ಓದಿ ಅದನ್ನು 24ರಿಂದ ಭಾಗಿಸಿದರೆ ಗಂಟೆಗೆ 4 ಮಿ.ಮೀ. ಚಿಲ್ಲರೆ ಬರುತ್ತದೆ. ಆ ಲೆಕ್ಕದಲ್ಲಿ ಒಂದಡಿ ಪೈಪೂ ಸಾಕು ಅನಿಸುತ್ತದೆ! ಆದರೆ ಮುಂಗಾರಿಗೆ ಮುಂಚಿನ ಗುಡುಗು ಮಳೆ ದಿನವಿಡೀ ಸುರಿಯುವುದಿಲ್ಲ, ಸ್ವಲ್ಪ ಹೊತ್ತಿನಲ್ಲೇ ಜಡಿದು ಹೋಗುತ್ತದೆ. ಹಾಗಾಗಿ ಯಾವ ಅವಧಿಯ ಮಳೆ ನೋಡಬೇಕು ಅನ್ನುವುದೇ ಮುಖ್ಯ. ಅತಿ ದೂರದ ಮೂಲೆಯಿಂದ ನೀರು ಮೋರಿಗೆ ಬರಲು ಹಿಡಿಯುವಷ್ಟು ಹೊತ್ತು ಮಳೆ ಸುರಿದಾಗ ಇಡೀ ಜಾಗದ ನೀರು ಒಟ್ಟಿಗೆ ಬರುತ್ತದೆ. ಆ ಹೊತ್ತನ್ನು ಕಿರ್ಪಿಚ್ ಸೂತ್ರದಿಂದ ನಿಮಿಷದಲ್ಲಿ ತೆಗೆಯಬಹುದು:

```
tc = 0.0195 × L^0.77 × S^-0.385
```

ನೀರಿನ ದಾರಿಯ ಉದ್ದ L 450 ಮೀಟರ್. ಅಷ್ಟರಲ್ಲಿ ನೆಲ 9 ಮೀಟರ್ ಇಳಿದರೆ ಇಳಿಜಾರು S 0.02. ಉತ್ತರ ಸುಮಾರು 10 ನಿಮಿಷ. ಈಗ ಎಷ್ಟು ಹೊತ್ತಿನ ಮಳೆ ಎಷ್ಟು ವರ್ಷಕ್ಕೊಮ್ಮೆ ಎಷ್ಟು ರಭಸದಲ್ಲಿ ಬರುತ್ತದೆ ಅಂತ ತೋರಿಸುವ, ನಿಮ್ಮ ಪ್ರದೇಶದ ಐಡಿಎಫ್ ಕರ್ವ್‌ನಲ್ಲಿ 10 ನಿಮಿಷಕ್ಕೆ, 10 ವರ್ಷದ ಗೆರೆಯಲ್ಲಿ ರಭಸ ಎಷ್ಟಿದೆ ನೋಡಿ. 10 ವರ್ಷದ ಮಳೆ ಅಂದರೆ ಯಾವುದೇ ವರ್ಷ ಬರಲು ಹತ್ತರಲ್ಲೊಂದು ಸಾಧ್ಯತೆ ಇರುವ ಮಳೆ. ಹೊಲದ ದಾರಿಗೆ ಅಷ್ಟು ಸಾಕು. ಇಲ್ಲಿ ಉದಾಹರಣೆಗೆ ಗಂಟೆಗೆ 120 ಮಿ.ಮೀ. ಹಿಡಿಯೋಣ. 3.9 × 120 / 360 = 1.3. ಸೆಕೆಂಡಿಗೆ 1,300 ಲೀಟರ್ ನೀರು!

ಇನ್ನು ಪೈಪ್. ಮೋರಿ ಗಿಡ್ಡ, ನೀರು ಸಾಮಾನ್ಯವಾಗಿ ತಡೆಯುವುದು ಬಾಯಲ್ಲೇ. ಹಾಗಾಗಿ ಮೇಲ್ಗಡೆ ಎಷ್ಟೆತ್ತರ ನೀರು ನಿಲ್ಲಬಹುದು ಅನ್ನುವುದರ ಮೇಲೆ ಎಷ್ಟು ನೀರು ದಾಟುತ್ತದೆ ಅನ್ನುವುದು ನಿಂತಿದೆ. ಪೈಪಿನ ಒಳತಳದಿಂದ 1.2 ಮೀಟರ್ ನೀರು ನಿಂತರೆ 600 ಮಿ.ಮೀ. ಪೈಪ್, ಅಂದರೆ ಆ ವಾಡಿಕೆಯ ಎರಡಡಿ ಪೈಪ್, ಸೆಕೆಂಡಿಗೆ 0.7 ಘನ ಮೀಟರ್ ಬಿಡುತ್ತದೆ. ಬೇಕಾದದ್ದರಲ್ಲಿ ಅರ್ಧ. 900 ಮಿ.ಮೀ. ಪೈಪ್ 1.4 ಬಿಡುತ್ತದೆ. ಅದರ ಗೋಡೆಯ ದಪ್ಪ 10 ಸೆಂ.ಮೀ., ಮೇಲೆ 60 ಸೆಂ.ಮೀ. ಮಣ್ಣು ಸೇರಿದರೆ ರಸ್ತೆ ಒಳತಳದಿಂದ 1.6 ಮೀಟರ್ ಎತ್ತರ. ನೀರಿನ ಮೇಲೆ ಇನ್ನೂ 40 ಸೆಂ.ಮೀ. ಉಳಿಯುತ್ತದೆ. ಎರಡು 600ರ ಪೈಪ್ ಜೋಡಿಸಿದರೂ ಲೆಕ್ಕಕ್ಕೆ ಸರಿಹೋಗುತ್ತದೆ. ಆದರೆ ತೆಂಗಿನ ಗರಿ, ಜೋಳದ ಕಡ್ಡಿ ಸಣ್ಣ ಬಾಯಿಗೇ ಬೇಗ ಸಿಕ್ಕಿಕೊಳ್ಳುವುದು. ಅದಕ್ಕೇ ನನ್ನ ಓಟು ಒಂದೇ ದೊಡ್ಡ ಪೈಪಿಗೆ.

ಬೆಂಗಳೂರಿನ ಸುತ್ತ ಇನ್ನೊಂದು ಮಾತು ಇದೆ. ಮೇಲಿನ ರಾಗಿ ಹೊಲ ಹಾಗೇ ಉಳಿಯುತ್ತದೆ ಅಂತ ಯಾರು ಹೇಳಬೇಕು? ಅದರಲ್ಲಿ 3 ಹೆಕ್ಟೇರ್ ಲೇಔಟ್ ಆಗಿ C 0.65ಕ್ಕೆ ಏರಿತು ಅನ್ನಿ. 3.9 ಇದ್ದದ್ದು 4.65 ಆಗುತ್ತದೆ. ಕಾಂಕ್ರೀಟ್ ಚರಂಡಿಯಲ್ಲಿ ನೀರು ಬೇಗ ಓಡುವುದರಿಂದ ಸಮಯವೂ ಕಡಿಮೆಯಾಗಿ ರಭಸ 140 ಹಿಡಿಯಬೇಕಾದೀತು. ಆಗ Q 1.8. ಅಷ್ಟು ನೀರಿಗೆ 900ರ ಪೈಪಿನ ಮುಂದೆ ನೀರು 1.6 ಮೀಟರ್, ಅಂದರೆ ಸರಿಯಾಗಿ ರಸ್ತೆಯ ಮಟ್ಟಕ್ಕೆ ನಿಲ್ಲುತ್ತದೆ. 1000 ಮಿ.ಮೀ. ಪೈಪ್ ಹಾಕಿ ರಸ್ತೆಯನ್ನು 1.7 ಮೀಟರ್‌ಗೆ ಏರಿಸಿದರೆ, 1.4 ಮೀಟರ್ ನೀರಿನಲ್ಲೇ ಸುಮಾರು 1.9 ದಾಟುತ್ತದೆ. ಮೇಲ್ಗಡೆ ಸೈಟಿನ ಕಲ್ಲು ನೆಟ್ಟಿದ್ದರೆ ನಾನು 1000ವನ್ನೇ ತರಿಸುತ್ತೇನೆ.

ಈ ಲೆಕ್ಕ 80 ಹೆಕ್ಟೇರ್ ಒಳಗಿನ ಜಾಗಕ್ಕೆ ಮಾತ್ರ ಇಟ್ಟುಕೊಳ್ಳಿ. ಮೇಲೆ ಕೆರೆ, ಕುಂಟೆ ಇದ್ದರೆ ಅವು ನೀರನ್ನು ತಡೆದು ನಿಲ್ಲಿಸುತ್ತವೆ, ಆಗ ಉತ್ತರ ಜಾಸ್ತಿ ಬರುತ್ತದೆ. ಅಳತೆ ಮುಗಿದ ಮೇಲೆ ಹಳ್ಳದ ದಡದ ಬೇಲಿಯಲ್ಲಿ ಕಸಕಡ್ಡಿ ಸಿಕ್ಕಿಕೊಂಡ ಎತ್ತರ ನೋಡಿ, ಪಕ್ಕದ ಹೊಲದ ಹಿರಿಯರನ್ನೂ ಕೇಳಿ. ಅವರು ಹೇಳುವ ನೀರು ನಿಮ್ಮ ಲೆಕ್ಕಕ್ಕಿಂತ ತುಂಬಾ ಮೇಲಿದ್ದರೆ, ದಿಣ್ಣೆಯ ಗೆರೆಯನ್ನು ಮತ್ತೆ ನಡೆದು ನೋಡಬೇಕು. ಎಲ್ಲೋ ಒಂದು ಕಾಲುವೆ ಪಕ್ಕದ ಇಳಿಜಾರಿನ ನೀರನ್ನೂ ಇತ್ತ ತಿರುಗಿಸಿರಬಹುದು.