ಆರು, ಎಂಟು, ಹತ್ತರ ತ್ರಿಕೋನ ಮತ್ತು ಒಂದು ಕೈವಾರ

ವಿಜಯನಗರದ ನಮ್ಮ ಮನೆಯಲ್ಲಿ ಸಂಜೆ ಹೊತ್ತು ಸೆಕೆಂಡ್ ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುತ್ತೇನೆ. ಗಾಜಿಗೆ ಬಿದ್ದ ಬೆಳಕು ಹೇಗೆ ಬಾಗುತ್ತದೆ ಅಂತ ಅಲೆಗಳಿಂದ ಎಳೆದು ತೋರಿಸುವ ಹೈಗೆನ್ಸ್ ರಚನೆ ಬಂದಾಗಲೆಲ್ಲ ಮಕ್ಕಳು ಚಿತ್ರವನ್ನು ಅಂದಾಜಿಗೆ ಎಳೆದು, sin i / sin r ಅಂತ ಬರೆದು ಮುಗಿಸುತ್ತಿದ್ದರು. ನಾನೂ ಓದುವಾಗ ಮಾಡಿದ್ದು ಅದನ್ನೇ. ಕಳೆದ ವರ್ಷ ಒಬ್ಬ ಹುಡುಗಿ, "ಮಿಸ್, ಎಲ್ಲಾ ಮರಿ ಅಲೆಗಳಿಗೂ ಒಂದೇ ತ್ರಿಜ್ಯ ತಾನೇ?" ಅಂದಳು. ಅವಳ ಚಿತ್ರದಲ್ಲಿ ಗಾಜಿನೊಳಗೆ ಒಂದೇ ಅಳತೆಯ ಅರ್ಧವೃತ್ತಗಳು ಸಾಲಾಗಿದ್ದವು. ಅವುಗಳನ್ನು ಮುಟ್ಟುವ ಗೆರೆ ಎಳೆದರೆ ಅದು ಗಾಜಿನ ಮೇಲ್ಮೈಗೆ ಸಮಾಂತರ! ಅಂದರೆ ಓರೆಯಾಗಿ ಬಂದ ಬೆಳಕು ನೆಟ್ಟಗೆ ಕೆಳಗಿಳಿದಂತಾಯಿತು. ಅವತ್ತೇ ಅವೆನ್ಯೂ ರಸ್ತೆಗೆ ಹೋಗಿ ಡ್ರಾಯಿಂಗ್ ಶೀಟು, ಗಟ್ಟಿ ಕೈವಾರ ತಂದೆ.

ಹೈಗೆನ್ಸ್ 1690ರಲ್ಲಿ ಅಚ್ಚು ಹಾಕಿಸಿದ ವಿಚಾರ ಇಷ್ಟೇ. ಬೆಳಕಿನ ಅಲೆಯ ಮುಂಚೂಣಿಯ ಗೆರೆಯೇ ತರಂಗಮುಖ, ಅದರ ಒಂದೊಂದು ಬಿಂದುವಿನಿಂದಲೂ ಒಂದೊಂದು ಮರಿ ಅಲೆ ಹೊರಡುತ್ತದೆ. ಅವೆಲ್ಲವನ್ನೂ ಮುಟ್ಟಿಕೊಂಡು ಹೋಗುವ ಗೆರೆಯೇ ಮುಂದಿನ ತರಂಗಮುಖ.

ಲೆಕ್ಕ ಸುಲಭವಾಗಲಿ ಅಂತ ಗಾಜಿನ ಮೇಲ್ಮೈ ಮೇಲೆ 10 ಸೆಂ.ಮೀ. ಗೆರೆ ಎಳೆದೆ. ಎಡತುದಿ ಎ, ಬಲತುದಿ ಸಿ. ಮೇಲೆ ಗಾಳಿ, ಕೆಳಗೆ ಗಾಜು. ಎಸಿಯನ್ನೇ ವ್ಯಾಸವಾಗಿಟ್ಟು 5 ಸೆಂ.ಮೀ. ತ್ರಿಜ್ಯದ ವೃತ್ತ ಹಾಕಿದೆ. ಈ ವೃತ್ತದ ಮೇಲಿನ ಯಾವ ಬಿಂದುವಿನಲ್ಲಾದರೂ ಎ, ಸಿ ಎರಡೂ ಲಂಬಕೋನದಲ್ಲಿ ಕಾಣುತ್ತವೆ ಅಲ್ವಾ? ಅದು ಮುಂದೆ ಬಹಳ ಸಹಾಯಕ್ಕೆ ಬಂತು. ಗಾಳಿಯ ಬದಿಯಲ್ಲಿ ಸಿಯಿಂದ 6 ಸೆಂ.ಮೀ. ದೂರಕ್ಕೆ ವೃತ್ತದ ಮೇಲೆ ಬಿ ಗುರುತಿಸಿದೆ. ಆಗ ಎಬಿ ತಾನೇ 8 ಸೆಂ.ಮೀ. ಆಗುತ್ತದೆ. ಎಬಿಯೇ ಬರುತ್ತಿರುವ ತರಂಗಮುಖ. ಅದು ಮೇಲ್ಮೈ ಜೊತೆ ಮಾಡುವ ಕೋನವೇ ಪತನ ಕೋನ, sin i = 6/10, ಸುಮಾರು 36.9 ಡಿಗ್ರಿ. ಮಕ್ಕಳು ಇಲ್ಲಿ ತರಂಗಮುಖದಿಂದ ಲಂಬದವರೆಗೆ ಅಳೆದುಬಿಡುತ್ತಾರೆ. ಲಂಬದಿಂದ ಅಳೆಯಬೇಕಾದ್ದು ಕಿರಣವನ್ನು.

ಎ ಈಗಾಗಲೇ ಗಾಜು ಮುಟ್ಟಿದೆ. ಬಿ ಇನ್ನೂ 6 ಸೆಂ.ಮೀ. ನಡೆಯಬೇಕು. ಗಾಜಿನ ವಕ್ರೀಭವನ ಸೂಚ್ಯಂಕ 1.5, ಅಂದರೆ ಗಾಳಿಯಲ್ಲಿನ ವೇಗ ಗಾಜಿನಲ್ಲಿನ ವೇಗದ ಒಂದೂವರೆ ಪಟ್ಟು ಎಂದಿಟ್ಟುಕೊಂಡರೆ ಅಷ್ಟು ಹೊತ್ತಿಗೆ ಎಯಿಂದ ಹೊರಟ ಮರಿ ಅಲೆ ಗಾಜಿನೊಳಗೆ 4 ಸೆಂ.ಮೀ. ಮಾತ್ರ ಹೋಗಿರುತ್ತದೆ. ಎಸಿ ನಡುವಿನ ಬಿಂದುವನ್ನು ತರಂಗಮುಖ ಮುಟ್ಟುವುದು ಅರ್ಧ ಸಮಯ ಕಳೆದ ಮೇಲೆ. ಹಾಗಾಗಿ ಅದರ ಮರಿ ಅಲೆಗೆ ಉಳಿಯುವುದು 2 ಸೆಂ.ಮೀ. ಸಿಯದ್ದು ಸೊನ್ನೆ. ಹುಡುಗಿಯ ಪ್ರಶ್ನೆಗೆ ಉತ್ತರ ಇದೇ: ತಡವಾಗಿ ಹೊರಟದ್ದು ಚಿಕ್ಕದು.

ಸ್ಪರ್ಶರೇಖೆಯನ್ನು ಕಣ್ಣಂದಾಜಿಗೆ ಎಳೆದರೆ ಎಲ್ಲಿ ಮುಟ್ಟಿತೆಂದೇ ಗೊತ್ತಾಗುವುದಿಲ್ಲ. ಎಯ 4 ಸೆಂ.ಮೀ. ವೃತ್ತ ನಮ್ಮ ದೊಡ್ಡ ವೃತ್ತವನ್ನು ಗಾಜಿನ ಬದಿಯಲ್ಲಿ ಕಡಿಯುವ ಜಾಗವೇ ಮುಟ್ಟುವ ಬಿಂದು. ಅಲ್ಲಿಂದ ಸಿಗೆ ಗೆರೆ ಎಳೆದೆವು. ನಡುವಿನ 2 ಸೆಂ.ಮೀ. ವೃತ್ತವನ್ನೂ ಅದು ಸವರಿಕೊಂಡೇ ಹೋಯಿತು. ಅದು ಮುಟ್ಟದೆ ಹೋದರೆ ಅಥವಾ ಕಡಿದುಕೊಂಡು ಹೋದರೆ ಎಲ್ಲೋ ತ್ರಿಜ್ಯ ತಪ್ಪಿದೆ ಎಂದೇ ಅರ್ಥ. ಈ ಗೆರೆ ಮೇಲ್ಮೈ ಜೊತೆ ಮಾಡುವ ಕೋನವೇ ವಕ್ರೀಭವನ ಕೋನ r, sin r = 4/10. ಕೋನಮಾಪಕದಲ್ಲಿ 23 ಮತ್ತು 24ರ ನಡುವೆ ಬಂತು, ಲೆಕ್ಕದಲ್ಲಿ 23.6. ಆರನ್ನು ನಾಲ್ಕರಿಂದ ಭಾಗಿಸಿದರೆ 1.5, ಅದೇ ಸ್ನೆಲ್ ನಿಯಮ.

ಪ್ರತಿಫಲನಕ್ಕೆ ಹೆಚ್ಚು ಹೇಳಬೇಕಿಲ್ಲ. ಮರಿ ಅಲೆ ಗಾಳಿಯಲ್ಲೇ ಇರುವುದರಿಂದ ಎಯಿಂದ ಮೇಲಕ್ಕೆ 6 ಸೆಂ.ಮೀ. ವೃತ್ತ. ಅದೇ ಆರು, ಎಂಟು, ಹತ್ತರ ತ್ರಿಕೋನ ಕನ್ನಡಿಯಲ್ಲಿ ತಿರುಗಿದಂತೆ ಬರುತ್ತದೆ, ಕೋನ ಮತ್ತೆ 36.9. ಆದರೆ ಎಷ್ಟು ಬೆಳಕು ಮೇಲೆ ಹೋಯಿತು, ಎಷ್ಟು ಕೆಳಗೆ ಇಳಿಯಿತು ಅನ್ನುವುದನ್ನು ಈ ಚಿತ್ರ ಹೇಳುವುದಿಲ್ಲ. ನೇರವಾಗಿ ಬಿದ್ದರೆ ಇಂಥ ಗಾಜಿನಿಂದ ವಾಪಸಾಗುವುದು ಸುಮಾರು 4 ಶೇಕಡಾ, ಆದರೆ ಆ ಅಂಕಿಗೆ ಬೇರೆಯೇ ಲೆಕ್ಕ ಬೇಕು.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ಹಾಳೆಯನ್ನು ತಲೆಕೆಳಗೆ ಮಾಡಿದಾಗ. ಈಗ ಬೆಳಕು ಗಾಜಿನಿಂದ ಗಾಳಿಗೆ. ಗಾಜಿನಲ್ಲಿ 6 ನಡೆದರೆ ಗಾಳಿಯ ಮರಿ ಅಲೆ 9. ಗೆರೆ ಸಿಕ್ಕಿತು, 64 ಡಿಗ್ರಿಗೆ ವಾಲಿಕೊಂಡು. "ಏಳು ಇಟ್ಟು ನೋಡು" ಅಂದೆ. ಅಂದರೆ ಪತನ ಕೋನ ಸುಮಾರು 44 ಡಿಗ್ರಿ. ಗಾಳಿಯಲ್ಲಿ ತ್ರಿಜ್ಯ ಹತ್ತೂವರೆ. ಹುಡುಗಿ ಕೈವಾರ ಬಿಡಿಸಿ ಎಳೆದಳು. ಸಿ ಬಿಂದು ವೃತ್ತದ ಒಳಗೇ ಸಿಕ್ಕಿಕೊಂಡಿತು. ಹತ್ತರ ವ್ಯಾಸದ ವೃತ್ತವನ್ನು ಅದು ಎಲ್ಲೂ ಕಡಿಯಲಿಲ್ಲ. ಒಳಗಿನ ಬಿಂದುವಿನಿಂದ ಸ್ಪರ್ಶರೇಖೆ ಎಲ್ಲಿಂದ ತರುವುದು?

"ಮಿಸ್, ಗೆರೆನೇ ಬರ್ತಿಲ್ಲ."

ತ್ರಿಜ್ಯ ಸರಿಯಾಗಿ 10 ಆಗುವುದು ಗಾಜಿನಲ್ಲಿ 6.67 ನಡೆದಾಗ, 41.8 ಡಿಗ್ರಿಯಲ್ಲಿ. ಅದೇ ಕ್ರಾಂತಿಕೋನ, ಅದನ್ನು ದಾಟಿದರೆ ಬೆಳಕು ಗಾಳಿಗೆ ಹೊರಬರದೆ ಗಾಜಿನೊಳಗೇ ವಾಪಸಾಗುತ್ತದೆ. ಅವಳು ಕೈವಾರವನ್ನು 7ಕ್ಕೆ ಕಿರಿದು ಮಾಡಿ, ಎಯಿಂದಲೇ ಗಾಜಿನೊಳಗೆ ಇನ್ನೊಂದು ವೃತ್ತ ಎಳೆದಳು. ಅದಕ್ಕೆ ಸಿಯಿಂದ ಗೆರೆ ಸಲೀಸಾಗಿ ಬಂತು.