‘ಹಾನಾಗೆ ಹಸಿವು’: ಸಬ್‌ಟೈಟಲ್‌ನಲ್ಲಿ ನಾನು ಕಂಡುಕೊಂಡ ದಾರಿ

ಕೊರಿಯನ್ ಧಾರಾವಾಹಿಯೊಂದಕ್ಕೆ ಕನ್ನಡ ಸಬ್‌ಟೈಟಲ್ ಬರೆಯುತ್ತಿದ್ದೆ. ಹಾನಾ ಅನ್ನೋ ಹುಡುಗಿ ಪ್ರಿಯಕರನ ಹತ್ತಿರ ಮುದ್ದಾಗಿ ‘ಹಾನಾ ಪೆಗೋಪಾ’ ಅಂತಾಳೆ. ‘ನಾನು’ ಅನ್ನೋ ಬದಲು ತನ್ನ ಹೆಸರನ್ನೇ ಹೇಳಿಕೊಳ್ತಾಳೆ, ಅಂದರೆ ತನಗೇ ಹಸಿವು. ಮುಂದಿನ ಸಾಲಿನಲ್ಲಿ ತಾನು ಮನೆಗೆ ಹೋಗಲ್ಲ ಅಂತ ಹಟ.

ಕೊರಿಯನ್, ಜಪಾನಿ, ಥಾಯ್ ಕ್ರಿಯಾಪದಗಳು ‘ನಾನು’, ‘ಅವಳು’ ಅಂತ ನೋಡಿ ಬದಲಾಗಲ್ಲ. ಹಾಗಾಗಿ ಹೆಸರು ಸಲೀಸಾಗಿ ಕೂರುತ್ತದೆ. ನಮ್ಮಲ್ಲಿ ‘ಹಾನಾ ಬರ್ತಾಳೆ’ ಅಂದರೆ ಯಾವ ಹಾನಾ ಅಂತ ಓದುಗ ಹುಡುಕುತ್ತಾನೆ. ‘ಹಾನಾ ಬರ್ತೀನಿ’ ಕನ್ನಡವೇ ಅಲ್ಲ.

ಕೊನೆಗೆ ಕೈಹಿಡಿದದ್ದು ಕನ್ನಡದ್ದೇ ಸೌಕರ್ಯ. ಬೇಕು, ಬೇಡ, ಇಷ್ಟ, ಹೋಗಲ್ಲ: ಇವು ಯಾರಿಗಾದರೂ ಒಂದೇ ರೂಪ. ‘ಹಾನಾಗೆ ಹಸಿವು... ಹಾನಾ ಮನೆಗೆ ಹೋಗಲ್ಲ!’ ಅಂತ ಬರೆದೆ. ಮುದ್ದೂ ಉಳಿಯಿತು, ಗೊಂದಲವೂ ಇಲ್ಲ. ‘ಬರ್ತೀನಿ’ ಥರದ್ದು ಬಂದ ಕಡೆ ಹೆಸರು ಬಿಟ್ಟು ‘ನಾನೂ ಬರ್ತೀನಿ, ಹ್ಞೂಂ ಅನ್ನೋ’ ಅಂತ ರಾಗ ಎಳೆದೆ.

ಆದರೆ ಎಲ್ಲ ಕಡೆ ಮುದ್ದು ಸುರಿಯಬಾರದು. ಥಾಯ್‌ನಲ್ಲಿ ಹುಡುಗಿಯರು ಗೆಳತಿಯರ ಜೊತೆ, ಹಿರಿಯರ ಜೊತೆ ಅಡ್ಡಹೆಸರಲ್ಲೇ ತಮ್ಮನ್ನು ಕರೆದುಕೊಳ್ಳುವುದು ಮಾಮೂಲಿ. ಅಲ್ಲಿ ಸುಮ್ನೆ ‘ನಾನು’ ಸಾಕು. ಜಪಾನಿಯಲ್ಲಿ ಮಕ್ಕಳು ಹಾಗಂದರೆ ಸಹಜ. ದೊಡ್ಡವಳು ಅಂದರೆ ನಾಟಕ ಅಂತ ಮೂಗು ಮುರಿಯುವವರು ಇದ್ದಾರೆ. ಪಕ್ಕದ ಪಾತ್ರ ಮುಖ ಸಿಂಡರಿಸಿದರೆ ಹೆಸರು ಉಳಿಸಲೇಬೇಕು, ಇಲ್ಲದಿದ್ದರೆ ಆ ಸಿಟ್ಟು ಯಾಕೆ ಅಂತ ಗೊತ್ತಾಗಲ್ಲ ಅಲ್ವಾ.